ಅಂಗಡಿಯ ಬೆಂಕಿ ವಿಮೆ: ಹನ್ನೊಂದು ವರ್ಷ ಕಂತು ಕಟ್ಟಿದವನ ವಿಮರ್ಶೆ

ದಾವಣಗೆರೆಯಲ್ಲಿ ನಮ್ಮದು ಸಿದ್ಧ ಉಡುಪು ಮತ್ತು ಸೀರೆಗಳ ಅಂಗಡಿ. 2013ರಲ್ಲಿ ಬ್ಯಾಂಕಿನಿಂದ 20 ಲಕ್ಷ ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಸಾಲ ಮಂಜೂರಾದಾಗ, ಅದರ ಷರತ್ತಿನಂತೆ ಬೆಂಕಿ ವಿಮೆಯನ್ನೂ ಮಾಡಿಸಿದೆ. ಆಗ ಕೊಟ್ಟ ಪಾಲಿಸಿಯ ಹೆಸರು ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್. ಸಣ್ಣ ಅಕ್ಷರದ, ಪೂರ್ತಿ ಇಂಗ್ಲಿಷಿನ ಕಾಗದ. ಆರು ವರ್ಷ ಅದನ್ನು ಓದದೆಯೇ ನವೀಕರಿಸಿದೆ. 2019ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಹತ್ತು ದಿನ ಮುಂಚೆ, ಬೆಳಗಿನ ಜಾವ ಅಂಗಡಿಗೆ ಬೆಂಕಿ ಬಿತ್ತು. ಪಾಲಿಸಿಯನ್ನು ನಾನು ನಿಜವಾಗಿ ಓದಿದ್ದು ಅದರ ನಂತರ.

ಮೊದಲು ವಿಮಾ ಮೊತ್ತದ ವಿಚಾರ. ಯಾವುದಕ್ಕೆ ಎಷ್ಟು ವಿಮೆ ಎಂದು ಬರೆದಿರುವ ಪಾಲಿಸಿಯ ಪುಟ, ಅಂದರೆ ಶೆಡ್ಯೂಲಿನಲ್ಲಿ, ಎರಡು ಬಾಬುಗಳಿದ್ದವು: ದಾಸ್ತಾನಿಗೆ 20 ಲಕ್ಷ, ಪೀಠೋಪಕರಣಗಳಿಗೆ 3 ಲಕ್ಷ. ದಾಸ್ತಾನಿಗೆ 20 ಲಕ್ಷ ಎಂದು ಬರೆದವರು ನಾನಲ್ಲ, ಏಜೆಂಟರೂ ಅಲ್ಲ. ಬ್ಯಾಂಕು ತನ್ನ ಸಾಲದ ಮಿತಿಯನ್ನೇ ಅಲ್ಲಿ ತುಂಬಿಸಿತ್ತು. ಬ್ಯಾಂಕಿಗೆ ಅಷ್ಟು ಸಾಕು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಸೇರಿದ್ದರಿಂದ ಪರಿಹಾರದ ಹಣ ಮೊದಲು ಸಾಲದ ಖಾತೆಗೇ ಹೋಗುತ್ತದೆ. ಆದರೆ ಸಾಲ ಎಷ್ಟು ಎಂಬುದಕ್ಕೂ ಅಂಗಡಿಯಲ್ಲಿ ಸರಕು ಎಷ್ಟಿದೆ ಎಂಬುದಕ್ಕೂ ಸಂಬಂಧವಿಲ್ಲ. ವಿಮಾ ಮೊತ್ತವೆಂದರೆ ಕಂಪನಿ ಕೊಡಬಹುದಾದ ಗರಿಷ್ಠ ಮಿತಿ. ಅದು ಕೊಟ್ಟೇ ಕೊಡುವ ಹಣವಲ್ಲ. 20 ಲಕ್ಷದವರೆಗಿನ ಯಾವ ನಷ್ಟವಾದರೂ ಪೂರ್ತಿ ಸಿಗುತ್ತದೆ ಎಂಬ ನನ್ನ ನಂಬಿಕೆ ಮುಂದಿನ ಷರತ್ತಿನಲ್ಲಿ ಮುರಿದು ಬಿತ್ತು.

ಅದು ಆವರೇಜ್ ಕ್ಲಾಸ್. ಶಾಲೆಯಲ್ಲಿ ಕಲಿತ ಸರಾಸರಿಯೇ ಇದೆಂದು ನಾನು ಭಾವಿಸಿದ್ದೆ. ವರ್ಷದ ದಾಸ್ತಾನಿನ ಸರಾಸರಿ ತೆಗೆಯುತ್ತಾರೇನೋ ಎಂದುಕೊಂಡಿದ್ದೆ. ಇಲ್ಲಿ ಆ ಪದಕ್ಕೆ ಸರಾಸರಿಯ ಅರ್ಥವಿಲ್ಲ. ಹಡಗಿನ ವಿಮೆಯಲ್ಲಿ ನಷ್ಟಕ್ಕೆ ಬಳಕೆಯಾಗುತ್ತಿದ್ದ ಪದ ಇದು. ಬೆಂಕಿ ವಿಮೆಯಲ್ಲಿ ಇದರ ಅರ್ಥ ನಷ್ಟವನ್ನು ಪಾಲು ಹಾಕುವುದು. ಷರತ್ತಿನ ಸಾರ ಹೀಗಿದೆ: ಬೆಂಕಿ ಬಿದ್ದ ಹೊತ್ತಿನಲ್ಲಿ ಸ್ವತ್ತಿನ ಬೆಲೆ ವಿಮಾ ಮೊತ್ತಕ್ಕಿಂತ ಹೆಚ್ಚಾಗಿದ್ದರೆ, ಆ ಹೆಚ್ಚುವರಿಯ ಮಟ್ಟಿಗೆ ಅಂಗಡಿಯವನೇ ತನಗೆ ತಾನು ವಿಮೆ ಮಾಡಿಕೊಂಡವನೆಂದು ಎಣಿಸಲಾಗುತ್ತದೆ, ಮತ್ತು ನಷ್ಟದಲ್ಲಿ ಅಷ್ಟು ಪಾಲನ್ನು ಅವನೇ ಹೊರಬೇಕು. ಹೋಲಿಕೆ ನಡೆಯುವುದು ಸುಟ್ಟ ಸರಕಿನ ಬೆಲೆಯೊಂದಿಗಲ್ಲ, ಆ ದಿನ ಅಂಗಡಿಯಲ್ಲಿದ್ದ ಸಮಸ್ತ ಸರಕಿನ ಬೆಲೆಯೊಂದಿಗೆ ಎಂಬುದನ್ನು ಗಮನಿಸಬೇಕು.

ನನ್ನ ಪ್ರಕರಣದಲ್ಲಿ, ನಷ್ಟವನ್ನು ಅಂದಾಜು ಮಾಡಲು ಬಂದ ಸರ್ವೇಯರ್ ಲೆಕ್ಕ ಹಾಕಿದ ಬಗೆಯನ್ನು ಹೇಳುತ್ತೇನೆ. ಏಪ್ರಿಲ್ 1ರಂದು ಇದ್ದ ದಾಸ್ತಾನು 18 ಲಕ್ಷ, ಅಲ್ಲಿಂದ ಬೆಂಕಿಯ ದಿನದವರೆಗಿನ ಖರೀದಿ 40 ಲಕ್ಷ, ಮಾರಾಟ 32.5 ಲಕ್ಷ. ನಮ್ಮ ಲಾಭಾಂಶ ಮಾರಾಟದ ಮೇಲೆ ನೂರಕ್ಕೆ 20 ಎಂದು ಹಿಂದಿನ ವರ್ಷಗಳ ಲೆಕ್ಕಪತ್ರಗಳಿಂದ ಖಚಿತಪಡಿಸಿಕೊಂಡು, ಮಾರಿದ ಸರಕಿನ ಅಸಲು 26 ಲಕ್ಷ ಎಂದು ತೆಗೆದರು. 18 ಮತ್ತು 40 ಕೂಡಿಸಿ 26 ಕಳೆದರೆ 32 ಲಕ್ಷ. ಹಬ್ಬದ ಖರೀದಿ ಮುಗಿದು ಕಪಾಟುಗಳೆಲ್ಲ ತುಂಬಿದ್ದ ಹೊತ್ತು ಅದು. ಜೂನ್ ತಿಂಗಳಲ್ಲಿ ಇದೇ ಬೆಂಕಿ ಬಿದ್ದಿದ್ದರೆ ದಾಸ್ತಾನು 20 ಲಕ್ಷದೊಳಗೇ ಇರುತ್ತಿತ್ತು.

ಸುಟ್ಟ ಮತ್ತು ಅಗ್ನಿಶಾಮಕ ದಳದ ನೀರಿಗೆ ಕೆಟ್ಟ ಬಟ್ಟೆಗಳಿಗೆ ನಾನು ಚೀಟಿಯ ಬೆಲೆಯಂತೆ 10.5 ಲಕ್ಷ ಎಂದು ಪಟ್ಟಿ ಕೊಟ್ಟಿದ್ದೆ. ವಿಮೆ ಕೊಡುವುದು ಅಸಲನ್ನು ಮಾತ್ರ. ಮಾರದ ಸರಕಿನ ಮೇಲಿನ ಲಾಭವನ್ನಲ್ಲ. ಹೀಗಾಗಿ ಅದು 8.4 ಲಕ್ಷಕ್ಕೆ ಇಳಿಯಿತು. ನೆನೆದು ಉಳಿದ ಬಟ್ಟೆಗೆ ಬರುವ ಬೆಲೆ 40 ಸಾವಿರವನ್ನು ಕಳೆದು ನಷ್ಟ 8 ಲಕ್ಷ ಎಂದಾಯಿತು. ಇಲ್ಲಿಯವರೆಗೆ ನನ್ನ ತಕರಾರಿರಲಿಲ್ಲ. ನಂತರ 8 ಲಕ್ಷವನ್ನು 20ರಿಂದ ಗುಣಿಸಿ 32ರಿಂದ ಭಾಗಿಸಿದರು: 5 ಲಕ್ಷ. ಉಳಿದ 3 ಲಕ್ಷ ನನ್ನ ಪಾಲು. ನಷ್ಟವನ್ನು ಸಾಬೀತುಪಡಿಸಲು ನಾನೇ ಅಚ್ಚುಕಟ್ಟಾಗಿ ಒಪ್ಪಿಸಿದ ಖರೀದಿ ಬಿಲ್ಲುಗಳೇ ಕಡಿಮೆ ವಿಮೆಯನ್ನೂ ಸಾಬೀತುಪಡಿಸಿದವು.

ಪೀಠೋಪಕರಣಗಳ ಬೆಲೆ ಎರಡೂವರೆ ಲಕ್ಷವಷ್ಟೇ ಆಗಿದ್ದುದರಿಂದ ಅಲ್ಲಿನ 60 ಸಾವಿರದ ನಷ್ಟ ಪೂರ್ತಿ ಸಿಕ್ಕಿತು. ಅದರಲ್ಲಿ ಮಿಕ್ಕ 50 ಸಾವಿರದ ವಿಮೆಯನ್ನು ದಾಸ್ತಾನಿನ ಕೊರತೆಗೆ ಸೇರಿಸಿ ಎಂದು ಕೇಳಿದೆ. ಆಗುವುದಿಲ್ಲ, ಪ್ರತಿ ಬಾಬಿಗೂ ಷರತ್ತು ಬೇರೆ ಬೇರೆಯಾಗಿ ಅನ್ವಯಿಸುತ್ತದೆ ಎಂದು ಪಾಲಿಸಿಯಲ್ಲೇ ಇದೆ. ಎಲ್ಲದರಿಂದ, ನಷ್ಟದಲ್ಲಿ ನಾವೇ ಹೊರಬೇಕಾದ ಕಡ್ಡಾಯ ಕಡಿತ 10,000 ಹೋಗಿ ಕೈಗೆ, ಎಂದರೆ ಸಾಲದ ಖಾತೆಗೆ, ಬಂದದ್ದು 5,50,000 ರೂಪಾಯಿ.

ಇನ್ನು ಹೊರತುಗಳು, ಅಂದರೆ ವಿಮೆಯ ರಕ್ಷಣೆ ಇಲ್ಲದ ಸಂಗತಿಗಳು. ಅವುಗಳ ಪಟ್ಟಿ ಉದ್ದವಿದೆ. ಯುದ್ಧ, ಅಣು ವಿಕಿರಣ ಮುಂತಾದವು ಅಂಗಡಿಯವನಿಗೆ ದೂರದ ಮಾತು. ನನ್ನನ್ನು ತಟ್ಟಿದವು ಕೆಲವೇ. ಬೆಂಕಿ ಹೊತ್ತಿದ್ದು ಗೋಡೆಯ ಸ್ಟೆಬಿಲೈಸರಿನ ಶಾರ್ಟ್ ಸರ್ಕ್ಯೂಟಿನಿಂದ. ಶಾರ್ಟ್ ಸರ್ಕ್ಯೂಟ್ ಆದರೆ ವಿಮೆಯೇ ಇಲ್ಲ ಎಂದು ಪಕ್ಕದ ಅಂಗಡಿಯವರು ಹೆದರಿಸಿದ್ದರು. ಅದು ಅರ್ಧ ಸತ್ಯ: ಹೊರತು ಇರುವುದು ಶಾರ್ಟ್ ಆದ ಆ ಉಪಕರಣಕ್ಕೆ ಮಾತ್ರ, ಅದರಿಂದ ಹರಡಿದ ಬೆಂಕಿಯ ನಷ್ಟಕ್ಕೆ ರಕ್ಷಣೆ ಇದೆ. ಸ್ಟೆಬಿಲೈಸರಿನ ಹಣ ಬರಲಿಲ್ಲ, ಬಟ್ಟೆಯದು ಬಂತು. ಗಲ್ಲಾದಲ್ಲಿದ್ದ ನೋಟುಗಳಿಗೂ, ಅಂಗಡಿ ಮುಚ್ಚಿದ್ದ ಹಬ್ಬದ ವಾರದ ವ್ಯಾಪಾರಕ್ಕೂ ಏನೂ ಇಲ್ಲ.

ಹೆಚ್ಚು ನೋಯಿಸಿದ್ದು ಇಳಕಲ್ ಸೀರೆಗಳ ವಿಷಯ. ನೇಕಾರರೊಬ್ಬರು ಮಾರಾಟವಾದ ಮೇಲೆ ಹಣ ಎಂಬ ಮಾತಿನ ಮೇಲೆ 14 ಸೀರೆಗಳನ್ನು ಇಟ್ಟುಹೋಗಿದ್ದರು, ಬೆಲೆ 42,000. ಸೆರಗಿನ ಕೆಂಪು ಪಕ್ಕದ ಬಿಳಿ ಅಂಗಿಗಳಿಗೆ ಇಳಿದಿತ್ತು. ಅಂಗಿಗಳನ್ನು ಪಟ್ಟಿಗೆ ಸೇರಿಸಿಕೊಂಡ ಸರ್ವೇಯರ್, "ಇವು ನಿಮ್ಮ ಸರಕಲ್ಲವಲ್ಲ ಯಜಮಾನರೇ, ಬಿಲ್ಲೂ ಇಲ್ಲ" ಎಂದು ಸೀರೆಗಳನ್ನು ಪಕ್ಕಕ್ಕಿಟ್ಟರು. ಕಮಿಷನ್ ಮೇಲೆ ಅಥವಾ ನಂಬಿಕೆಯ ಮೇಲೆ ಇಟ್ಟುಕೊಂಡ ಪರರ ಸರಕಿಗೆ, ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸದ ಹೊರತು ರಕ್ಷಣೆಯಿಲ್ಲ. ನೇಕಾರರ ಹಣವನ್ನು ನಾನು ಎರಡು ಕಂತುಗಳಲ್ಲಿ ಕೊಟ್ಟೆ.

2021ರ ಏಪ್ರಿಲ್‌ನಿಂದ ನಮ್ಮಂಥ ಅಂಗಡಿಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ಒಂದು ಸ್ಥಳದ ಒಟ್ಟು ಸ್ವತ್ತಿನ ಬೆಲೆ 5 ಕೋಟಿ ಮೀರದವರಿಗೆ ಇದು. ಹಳೆಯದಕ್ಕಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಕಡಿಮೆ ವಿಮೆ ನೂರಕ್ಕೆ 15ನ್ನು ಮೀರದಿದ್ದರೆ ಪಾಲು ಹಾಕುವುದಿಲ್ಲ. ಆದರೆ ಇದನ್ನು ನೆಚ್ಚಿ ಕೂರುವಂತಿಲ್ಲ: 32 ಲಕ್ಷದ ದಾಸ್ತಾನಿಗೆ ಕನಿಷ್ಠ 27.2 ಲಕ್ಷದ ವಿಮೆ ಇರಬೇಕಿತ್ತು; ನನ್ನ 20 ಲಕ್ಷಕ್ಕೆ ಈ ರಿಯಾಯಿತಿಯೂ ದಕ್ಕುತ್ತಿರಲಿಲ್ಲ.

ಈಗ ನಾನು ದಾಸ್ತಾನಿನ ಮೊತ್ತವನ್ನು ಹಿಂದಿನ ದೀಪಾವಳಿಯ ವಾರದ ಅಸಲಿನ ಮೇಲೆ ನಿರ್ಧರಿಸುತ್ತೇನೆ. ಮದುವೆಯ ಕಾಲದಲ್ಲಿ ಖರೀದಿ ಅದನ್ನು ಮೀರಿದರೆ, ಉಳಿದ ಅವಧಿಯ ಕಂತು ಕಟ್ಟಿ ನಡುವೆಯೇ ವಿಮಾ ಮೊತ್ತವನ್ನು ಹೆಚ್ಚಿಸುವ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್, ಮಾಡಿಸುತ್ತೇನೆ. ಕಂತು ಹೆಚ್ಚಾಗಿದೆ, ಕಾಗದ ಇಂದಿಗೂ ಇಂಗ್ಲಿಷಿನಲ್ಲೇ ಬರುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಶೆಡ್ಯೂಲಿನಲ್ಲಿ ಈಗ ಮೂರನೆಯ ಬಾಬೊಂದಿದೆ: ಕಮಿಷನ್ ಮೇಲೆ ಇಟ್ಟುಕೊಂಡ ಸರಕು, 1 ಲಕ್ಷ. ಅದನ್ನು ಬರೆಸಲು ಕಚೇರಿಗೆ ಎರಡು ಬಾರಿ ಹೋಗಬೇಕಾಯಿತು, ಏಕೆಂದರೆ ಮೊದಲ ಸಲ ಬಂದ ಪ್ರತಿಯಲ್ಲಿ ಆ ಸಾಲೇ ಇರಲಿಲ್ಲ.