ಒಬ್ಬರೇ ಅನುವಾದಕರು, ಮೂರು ಮಾರುಕಟ್ಟೆ: ಅಪ್‌ವರ್ಕ್, ಫೈವರ್, ಪ್ರೊಝ್‌ನಲ್ಲಿ ಪ್ರೊಫೈಲ್ ಪರಿಚಯ ಹೇಗಿರಬೇಕು

ಕನ್ನಡದ ಕ್ರಯಪತ್ರ, ಪಹಣಿ, ಜನನ ಪ್ರಮಾಣಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸುವವರನ್ನು ಈ ಹೋಲಿಕೆಗೆ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ವಿದೇಶದಲ್ಲಿರುವ ಕನ್ನಡಿಗರಿಗೆ ವೀಸಾಗೆ, ಊರಿನ ಆಸ್ತಿ ವ್ಯವಹಾರಕ್ಕೆ ಇವು ಬೇಕಾಗುತ್ತಲೇ ಇರುತ್ತವೆ. ಸ್ವತಂತ್ರವಾಗಿ ದುಡಿಯುವವರು ಆನ್‌ಲೈನ್‌ನಲ್ಲಿ ಗಿರಾಕಿಗಳನ್ನು ಹುಡುಕಿಕೊಳ್ಳುವ ಈ ಮೂರೂ ತಾಣಗಳಲ್ಲಿ ಒಬ್ಬರದೇ ಪರಿಚಯವನ್ನು ಹಾಕಿ, ತಿದ್ದಿ ನೋಡಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಹುದು. ಭಾಷಾ ಜೋಡಿ, ವಿಷಯ ಪರಿಣತಿ, ಗಡುವು ಎಂಬ ಮೂರು ವಿಷಯ ಎಲ್ಲ ಕಡೆಯೂ ಬೇಕು. ಆದರೆ ಯಾವುದು ಮೊದಲ ಸಾಲಿಗೆ ಬರಬೇಕು ಎಂಬುದು ಪ್ರತಿ ತಾಣದಲ್ಲೂ ಬೇರೆ. ಒಂದೇ ಬರಹವನ್ನು ಮೂರು ಕಡೆ ಅಂಟಿಸಿದರೆ ಎರಡು ಕಡೆಯಾದರೂ ಅದು ಕೆಲಸಕ್ಕೆ ಬರುವುದಿಲ್ಲ.

ಮೊದಲು ಮೂರಕ್ಕೂ ಬೇಕಾದ ಸರಕು ನೋಡೋಣ. 'ಕನ್ನಡ, ಇಂಗ್ಲಿಷ್, ಹಿಂದಿ ಬಲ್ಲೆ' ಎಂದು ಬರೆದರೆ ಅದು ಭಾಷಾ ಜೋಡಿಯಲ್ಲ. ಜೋಡಿಗೆ ದಿಕ್ಕಿರುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಎಂಬ `KN>EN` ಮತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ಎಂಬ `EN>KN` ಎರಡು ಬೇರೆ ಕೆಲಸಗಳು, ಅವುಗಳ ಗಿರಾಕಿಗಳೂ ಬೇರೆ. ಮೊದಲನೆಯದನ್ನು ಹೆಚ್ಚಾಗಿ ವ್ಯಕ್ತಿಗಳು ಮತ್ತು ವಕೀಲರು ಕೇಳುತ್ತಾರೆ, ಎರಡನೆಯದನ್ನು ಅನುವಾದ ಸಂಸ್ಥೆಗಳು. ದಿಕ್ಕಿನ ಜೊತೆಗೇ ಪದ ಎಣಿಕೆಯ ಮಾತೂ ಬರುತ್ತದೆ. 'ಮನೆಯಲ್ಲಿರುವವರಿಗೆ' ಎಂಬ ಒಂದು ಕನ್ನಡ ಪದ ಇಂಗ್ಲಿಷಿಗೆ ಹೋದಾಗ ಐದಾರು ಪದವಾಗುತ್ತದೆ. ಹಾಗಾಗಿ ದರ ಮೂಲದ ಪದಕ್ಕೋ ಅನುವಾದದ ಪದಕ್ಕೋ ಎಂಬುದನ್ನು ಪರಿಚಯದಲ್ಲೇ ಹೇಳಬೇಕು. ಹೇಳದಿದ್ದರೆ ಬಿಲ್ ಕಳಿಸುವ ಹೊತ್ತಿಗೆ ಜಗಳ ಖಂಡಿತ. ಸಣ್ಣ ಪ್ರಮಾಣಪತ್ರಗಳಿಗೆ ಪುಟದ ಲೆಕ್ಕವೇ ಸಲೀಸು.

ವಿಷಯ ಪರಿಣತಿಯ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ. 'ಕಾನೂನು, ವೈದ್ಯಕೀಯ, ತಾಂತ್ರಿಕ, ಸಾಹಿತ್ಯ' ಎಂದು ನಾಲ್ಕು ಹೆಸರು ಬರೆದರೆ ಓದುವವರು ಒಂದನ್ನೂ ನಂಬುವುದಿಲ್ಲ. ಅದರ ಬದಲು ಕೆಲಸ ಬಲ್ಲವರಿಗೆ ಮಾತ್ರ ಗೊತ್ತಿರುವ ಒಂದು ವಿವರ ಕೊಟ್ಟು ನೋಡಿ. ಪಹಣಿಯಲ್ಲಿ ವಿಸ್ತೀರ್ಣ 2-15 ಎಂದಿದ್ದರೆ ಅದು 2 ಎಕರೆ 15 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶದಲ್ಲಿ ಅದು 2.375 ಎಕರೆ. ಗೊತ್ತಿಲ್ಲದವರು 2.15 ಎಕರೆ ಎಂದು ಬರೆದುಬಿಟ್ಟರೆ 9 ಗುಂಟೆ ಕಾಗದದ ಮೇಲೆಯೇ ಮಾಯ. ಹೆಸರುಗಳಲ್ಲೂ ಇಂಥದ್ದೇ ಅಪಾಯವಿದೆ. 'ರಾಮಯ್ಯ ಬಿನ್ ತಿಮ್ಮಯ್ಯ' ಎಂಬಲ್ಲಿ ಬಿನ್ ಎಂದರೆ 'ಇವರ ಮಗ', 'ಕೋಂ' ಎಂದರೆ 'ಇವರ ಹೆಂಡತಿ'. ಹಳೇ ಮೈಸೂರು ಕಡೆಯ ಪತ್ರಗಳಲ್ಲಿ ಇವು ಸಾಮಾನ್ಯ. ಇವನ್ನು ಹೆಸರಿನ ಭಾಗವೆಂದು ತಿಳಿದು ಹಾಗೇ ಇಳಿಸಿದರೆ ಪಾಸ್‌ಪೋರ್ಟಿನ ಹೆಸರಿಗೂ ಅನುವಾದಕ್ಕೂ ತಾಳೆಯಾಗುವುದಿಲ್ಲ. 'ಎಕರೆ-ಗುಂಟೆ, ಚಕ್ಕುಬಂದಿ, ಖರಾಬು, ಬಿನ್, ಕೋಂ ಇವನ್ನು ಇಂಗ್ಲಿಷ್ ಓದುಗರಿಗೆ ಅರ್ಥವಾಗುವಂತೆ ಬಿಡಿಸಿ ಬರೆಯುತ್ತೇನೆ' ಎಂಬ ಒಂದು ವಾಕ್ಯ 'ಹತ್ತು ವರ್ಷ ಅನುಭವ' ಎಂಬುದಕ್ಕಿಂತ ಹೆಚ್ಚು ತೂಗುತ್ತದೆ.

ಗಡುವಿನ ಮಾತಿಗೆ ಲೆಕ್ಕ ಬೇಕು. ಕ್ರಯಪತ್ರವೊಂದರಲ್ಲಿ ಟೈಪಾದ 2,400 ಕನ್ನಡ ಪದಗಳಿವೆ ಎಂದುಕೊಳ್ಳಿ. ದಿನಕ್ಕೆ 1,200 ಪದದಂತೆ ಎರಡು ದಿನ ಅನುವಾದಕ್ಕೆ ಹೋಗುತ್ತದೆ. ಸರ್ವೆ ನಂಬರು, ಚಕ್ಕುಬಂದಿ, ಮೊತ್ತ, ತಾರೀಖುಗಳನ್ನು ಮೂಲದ ಜೊತೆ ಇಟ್ಟು ತಾಳೆ ನೋಡಲು ಇನ್ನರ್ಧ ದಿನ. ಅಂದರೆ ಒಪ್ಪಿಕೊಳ್ಳಬೇಕಾದದ್ದು 3 ಕೆಲಸದ ದಿನ. ಅದೇ ಪತ್ರ ಹಳೆಯ ಕೈಬರಹದ್ದಾದರೆ ದಿನಕ್ಕೆ 500 ಪದ ಸಾಗುವುದೂ ಕಷ್ಟ, ಒಂದು ವಾರ ಕೇಳಬೇಕು. ಹೀಗಾಗಿ 'ವೇಗವಾಗಿ ಮಾಡಿಕೊಡುತ್ತೇನೆ' ಎಂಬ ಸಾಲಿಗೆ ಅರ್ಥವೇ ಇಲ್ಲ. ಟೈಪಾದದ್ದಕ್ಕೆ ಇಷ್ಟು, ಕೈಬರಹಕ್ಕೆ ಇಷ್ಟು ಎಂದು ಎರಡು ಅಂಕಿ ಕೊಡಿ.

ಗಡುವು ಯಾವಾಗಿನಿಂದ ಶುರು ಎಂಬುದು ಇದಕ್ಕಿಂತಲೂ ಮುಖ್ಯ. ಈ ಕೆಲಸ ತಡವಾಗುವುದು ಹೆಚ್ಚಾಗಿ ಅನುವಾದದಿಂದಲ್ಲ, ಹೆಸರಿನ ಕಾಗುಣಿತದಿಂದ. ಕೃಷ್ಣಮೂರ್ತಿ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿ `Krishnamurthy` ಇರಬಹುದು, `Krishnamurti` ಇರಬಹುದು. ಕನ್ನಡದ ಪತ್ರ ನೋಡಿ ಅದನ್ನು ಹೇಳಲಾಗದು. ಗಿರಾಕಿ ಉತ್ತರಿಸಲು ಎರಡು ದಿನ ತೆಗೆದುಕೊಂಡರೆ ಗಡುವು ತಪ್ಪಿದ್ದು ಅನುವಾದಕರ ತಲೆಗೇ ಬರುತ್ತದೆ. 'ಓದಲು ಬರುವ ಸ್ಕ್ಯಾನ್ ಮತ್ತು ಹೆಸರುಗಳ ಇಂಗ್ಲಿಷ್ ಕಾಗುಣಿತ ಕೈಸೇರಿದ ಹೊತ್ತಿನಿಂದ' ಎಂಬ ಷರತ್ತು ಪರಿಚಯದಲ್ಲೇ ಇರಬೇಕು.

ಈಗ ತಾಣಗಳಿಗೆ ಬರೋಣ.

ಅಪ್‌ವರ್ಕ್‌ನಲ್ಲಿ ಪರಿಚಯಕ್ಕೆ 5,000 ಅಕ್ಷರಗಳ ತನಕ ಜಾಗವಿದೆ. ಅದನ್ನು ತುಂಬಿಸಬೇಕೆಂಬ ಆಸೆಯೇ ಇಲ್ಲಿನ ಮೊದಲ ತಪ್ಪು. ಹುಡುಕಾಟದ ಪಟ್ಟಿಯಲ್ಲಿ ಗಿರಾಕಿಗೆ ಕಾಣುವುದು ಶೀರ್ಷಿಕೆ ಮತ್ತು ಪರಿಚಯದ ಮೊದಲ ಒಂದೆರಡು ಸಾಲು ಮಾತ್ರ, ಉಳಿದದ್ದನ್ನು ಒತ್ತಿ ತೆರೆಯಬೇಕು. 'ನಮಸ್ಕಾರ, ನಾನು ಶ್ರದ್ಧೆಯಿಂದ ದುಡಿಯುವ ಅನುವಾದಕಿ' ಎಂದು ಶುರು ಮಾಡಿದರೆ ಆ ಎರಡು ಸಾಲು ಪೋಲಾದ ಹಾಗೇ. ನಮಗೆ ಸರಿ ಅನ್ನಿಸಿದ ಆರಂಭ, ಇಂಗ್ಲಿಷಿನಲ್ಲಿ ಬರೆಯಬೇಕಾದದ್ದು, ಈ ಅರ್ಥದ್ದು: 'ಕನ್ನಡದ ಕ್ರಯಪತ್ರ, ಪಹಣಿ, ವಿಭಾಗಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತೇನೆ. ಟೈಪಾದ 2,400 ಪದಗಳ ಪತ್ರ 3 ಕೆಲಸದ ದಿನಗಳಲ್ಲಿ.' ಜೋಡಿ, ವಿಷಯ, ಗಡುವು ಮೂರೂ ಅಷ್ಟರಲ್ಲೇ ಮುಗಿದವು. ಅದರ ಕೆಳಗೆ ಎಕರೆ-ಗುಂಟೆಯ ವಿವರ, ತಾಳೆ ನೋಡುವ ಕ್ರಮ, ಷರತ್ತು. 1,200ರಿಂದ 1,500 ಅಕ್ಷರ ಸಾಕು. ಫೋನ್ ನಂಬರು, ಇಮೇಲ್ ವಿಳಾಸ ಹಾಕುವಂತಿಲ್ಲ. ಹಾಕಿದರೆ ಖಾತೆಯೇ ತೊಂದರೆಗೆ ಸಿಲುಕುತ್ತದೆ. ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವವರು ಒಂದೇ ಪರಿಚಯದಲ್ಲಿ ಎರಡನ್ನೂ ತುರುಕಬಾರದು. ವಿಶೇಷ ಪ್ರೊಫೈಲ್ ಎಂದು ಬೇರೆಯಾಗಿ ಮಾಡಿಕೊಳ್ಳುವ ಸೌಲಭ್ಯ ಇಲ್ಲಿದೆ, `EN>KN` ಅನ್ನು ಅಲ್ಲಿಗೆ ಸರಿಸಿ.

ಫೈವರ್‌ನಲ್ಲಿ ವ್ಯಕ್ತಿಯ ಪರಿಚಯಕ್ಕೆ ಸುಮಾರು 600 ಅಕ್ಷರ ಮಾತ್ರ. ಇಲ್ಲಿ ಗಿರಾಕಿ ಕೊಳ್ಳುವುದು ಅನುವಾದಕರನ್ನಲ್ಲ, ಗಿಗ್ ಅನ್ನು, ಅಂದರೆ ಬೆಲೆ ಮತ್ತು ದಿನ ಮೊದಲೇ ಗೊತ್ತುಮಾಡಿ ಮಾರಾಟಕ್ಕಿಟ್ಟ ಒಂದು ಸೇವೆಯನ್ನು. ಹಾಗಾಗಿ ಬರಹದ ಭಾರವೆಲ್ಲ 80 ಅಕ್ಷರಗಳ ಗಿಗ್ ಶೀರ್ಷಿಕೆಯ ಮೇಲೆ ಮತ್ತು 1,200 ಅಕ್ಷರಗಳ ವಿವರಣೆಯ ಮೇಲೆ ಬೀಳುತ್ತದೆ. ಶೀರ್ಷಿಕೆಗೆ 'ಕನ್ನಡದಿಂದ ಇಂಗ್ಲಿಷಿಗೆ' ಮತ್ತು ಒಂದೇ ಒಂದು ಬಗೆಯ ದಾಖಲೆ ಸಾಕು. ಜನನ ಪ್ರಮಾಣಪತ್ರಕ್ಕೆ ಒಂದು ಗಿಗ್, ಆಸ್ತಿಪತ್ರಕ್ಕೆ ಇನ್ನೊಂದು. ಗಡುವನ್ನು ವಾಕ್ಯದಲ್ಲಿ ಹೇಳುವ ಅಗತ್ಯ ಇಲ್ಲಿಲ್ಲ, ಪ್ಯಾಕೇಜಿನಲ್ಲಿ ದಿನಗಳ ಲೆಕ್ಕ ತುಂಬಲೇಬೇಕು, ಅದೇ ನಿಮ್ಮ ಮಾತು. ಒಂದು ಪುಟದ ಪ್ರಮಾಣಪತ್ರಕ್ಕೆ 2 ದಿನ ಹಾಕಿ 1 ದಿನದಲ್ಲಿ ಕೊಡುವುದು, 1 ದಿನ ಹಾಕಿ ಅರ್ಧ ದಿನ ತಡ ಮಾಡುವುದಕ್ಕಿಂತ ಎಷ್ಟೋ ಮೇಲು. ಅವಸರದವರಿಗೆ ಹೆಚ್ಚುವರಿ ಶುಲ್ಕದ ತ್ವರಿತ ವಿತರಣೆ ಬೇರೆಯಾಗಿಯೇ ಇಡಬಹುದು.

ಫೈವರ್‌ನ ಒಂದು ಗುಣ ನಮಗೆ ತುಂಬ ಹಿಡಿಸಿತು. ಗಿರಾಕಿ ಉತ್ತರಿಸಲೇಬೇಕಾದ ಪ್ರಶ್ನೆಗಳನ್ನು ಗಿಗ್‌ನಲ್ಲಿ ಇಟ್ಟರೆ, ಉತ್ತರ ಬರುವ ತನಕ ಗಡುವಿನ ಗಡಿಯಾರ ಓಡುವುದಿಲ್ಲ. 'ಪತ್ರದಲ್ಲಿರುವ ಎಲ್ಲ ಹೆಸರುಗಳ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಹೇಗಿದೆ?' ಎಂಬುದನ್ನು ಕಡ್ಡಾಯ ಪ್ರಶ್ನೆ ಮಾಡಿಬಿಡಿ. ಅಪ್‌ವರ್ಕ್‌ನಲ್ಲಿ ಷರತ್ತಾಗಿ ಬರೆದು, ನೆನಪಿಸಿ, ಕಾಯಬೇಕಾದದ್ದು ಇಲ್ಲಿ ತಾನಾಗಿ ಆಗುತ್ತದೆ. ಇದಕ್ಕೆ ಬೆಲೆಯೂ ಇದೆ: ಗಳಿಕೆಯಲ್ಲಿ 20 ಶೇಕಡಾ ಫೈವರ್‌ಗೆ ಹೋಗುತ್ತದೆ. ದರ ನಿಗದಿ ಮಾಡುವಾಗಲೇ ಅದನ್ನು ಸೇರಿಸಿಕೊಳ್ಳಿ.

ಇಲ್ಲಿ ಪರಿಚಯದಲ್ಲಿ ಬರೆಯಲೇಬಾರದ ಒಂದು ಮಾತೂ ಇದೆ. ಅಮೆರಿಕದ ವಲಸೆ ಇಲಾಖೆಗೆ ಅನುವಾದ ಪೂರ್ಣವೂ ಸರಿಯಾಗಿಯೂ ಇದೆ, ಮೂಲ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ತನಗಿದೆ ಎಂದು ಅನುವಾದಕರೇ ಸಹಿ ಮಾಡಿದ ದೃಢೀಕರಣ ಸಾಕಾಗುತ್ತದೆ. ಅದನ್ನು ಕೊಡುತ್ತೇನೆ ಎಂದು ಧೈರ್ಯವಾಗಿ ಬರೆಯಬಹುದು. ಆದರೆ 'ಎಲ್ಲ ದೇಶಗಳಿಗೂ ಅಧಿಕೃತ ಅನುವಾದ' ಎಂದು ಬರೆಯಬೇಡಿ. ಜರ್ಮನಿಯಂಥ ಕಡೆ ಅಲ್ಲಿನ ನ್ಯಾಯಾಲಯದಲ್ಲಿ ಪ್ರಮಾಣ ಸ್ವೀಕರಿಸಿದ ಅನುವಾದಕರ ಮುದ್ರೆ ಕೇಳುವುದುಂಟು. ಅರ್ಜಿ ತಿರಸ್ಕೃತವಾದರೆ ಹಣ ವಾಪಸು ಕೊಡುವುದಷ್ಟೇ ಅಲ್ಲ, ಗಿರಾಕಿಯ ತಿಂಗಳುಗಳೂ ಹೋಗುತ್ತವೆ.

ಪ್ರೊಝ್ 1999ರಲ್ಲಿ ಶುರುವಾದದ್ದು, ಅನುವಾದಕರಿಗಾಗಿಯೇ ಇರುವ ತಾಣ. ಓದುವವರು ಹೆಚ್ಚಾಗಿ ಅನುವಾದ ಸಂಸ್ಥೆಗಳ ಪ್ರಾಜೆಕ್ಟ್ ಮ್ಯಾನೇಜರ್‌ಗಳು. ಜೋಡಿ, ಮಾತೃಭಾಷೆ, ಪರಿಣತಿಯ ಕ್ಷೇತ್ರ ಎಲ್ಲಕ್ಕೂ ಬೇರೆ ಬೇರೆ ಖಾನೆಗಳಿವೆ. ಹುಡುಕಾಟ ನಡೆಯುವುದು ಆ ಖಾನೆಗಳ ಮೇಲೆ. ಪರಿಚಯ ಎಷ್ಟೇ ಚೆನ್ನಾಗಿದ್ದರೂ ಖಾನೆ ಖಾಲಿಯಿದ್ದರೆ ನೀವು ಪಟ್ಟಿಯಲ್ಲೇ ಕಾಣುವುದಿಲ್ಲ. ಕ್ಷೇತ್ರಗಳಲ್ಲೂ ಪರಿಣತಿ ಇರುವವು, ಕೆಲಸ ಮಾಡಬಲ್ಲವು ಎಂಬ ಎರಡು ಗುಂಪಿದೆ. ಮೊದಲನೆಯದರಲ್ಲಿ ಎರಡು ಮೂರಕ್ಕಿಂತ ಹೆಚ್ಚು ತುಂಬಬೇಡಿ.

ಈ ಓದುಗರಿಗೆ ಎಕರೆ-ಗುಂಟೆಯ ಕಥೆ ಅಷ್ಟಾಗಿ ಬೇಡ. ಅವರು ಕೊಡುವ ಕೆಲಸ ಹೆಚ್ಚಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ. ಉದಾಹರಣೆಗೆ ಔಷಧ ಪ್ರಯೋಗಗಳಲ್ಲಿ ರೋಗಿಗಳಿಂದ ಸಹಿ ಮಾಡಿಸುವ ಸಮ್ಮತಿ ಪತ್ರ. ಪರಿಚಯದಲ್ಲಿ ಅವರು ಹುಡುಕುವುದು ದಿನದ ಸಾಮರ್ಥ್ಯ (ಸಾಮಾನ್ಯ ಇಂಗ್ಲಿಷ್ ಬರಹವಾದರೆ 2,000 ಪದ ನಂಬುವಂಥ ಅಂಕಿ, 5,000 ಎಂದರೆ ಅನುಮಾನ), ಬಳಸುವ ಅನುವಾದ ತಂತ್ರಾಂಶ, ಭಾರತೀಯ ಸಮಯದಲ್ಲಿ ಎಷ್ಟರಿಂದ ಎಷ್ಟರ ತನಕ ಉತ್ತರಿಸುತ್ತೀರಿ, ಯೂನಿಕೋಡ್‌ನಲ್ಲಿ ಕೊಡುತ್ತೀರಾ ಎಂಬುದು. ಕೊನೆಯದು ಕನ್ನಡದ ಮಟ್ಟಿಗೆ ಸಣ್ಣ ಮಾತಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಒಮ್ಮೆ ಹಾಗಾದರೆ ಆ ಸಂಸ್ಥೆ ಮತ್ತೆ ಕೇಳುವುದಿಲ್ಲ. ಇನ್ನೊಂದು ಎಚ್ಚರ: ಪ್ರೊಫೈಲಿಗೆ ಬಯೋಡೇಟಾ ಸೇರಿಸುವುದಾದರೆ ಮನೆ ವಿಳಾಸ, ಹುಟ್ಟಿದ ದಿನಾಂಕ ತೆಗೆದ ಪಿಡಿಎಫ್ ಮಾತ್ರ ಸೇರಿಸಿ. ಅನುವಾದಕರ ಬಯೋಡೇಟಾ ಕದ್ದು, ಇಮೇಲ್ ಮಾತ್ರ ಬದಲಿಸಿ, ಅವರ ಹೆಸರಿನಲ್ಲಿ ಕೆಲಸ ಪಡೆಯುವ ಮೋಸ ಈ ವೃತ್ತಿಯಲ್ಲಿ ಹಳೆಯದು.

ಒಂದನ್ನೇ ಆರಿಸಬೇಕೆಂದರೆ ಹೀಗೆ ಹೇಳುತ್ತೇವೆ. ವೈಯಕ್ತಿಕ ಪ್ರಮಾಣಪತ್ರಗಳೇ ಮುಖ್ಯವಾದರೆ ಫೈವರ್, ಕಡ್ಡಾಯ ಪ್ರಶ್ನೆಯ ಅನುಕೂಲ ಒಂದಕ್ಕೇ. ವಕೀಲರ ದೊಡ್ಡ ಆಸ್ತಿ ಕಡತಗಳು ಬೇಕಿದ್ದರೆ ಅಪ್‌ವರ್ಕ್, ಏಕೆಂದರೆ ಪರಿಣತಿಯನ್ನು ಬಿಡಿಸಿ ಹೇಳಲು ಅಲ್ಲಿ ಜಾಗವಿದೆ, ಕೈಬರಹ ನೋಡಿದ ಮೇಲೆ ಗಡುವು ಗೊತ್ತುಮಾಡಲು ಅವಕಾಶವಿದೆ. ಕನ್ನಡಕ್ಕೆ ಅನುವಾದಿಸುವವರಿಗೆ ಪ್ರೊಝ್. ಎಲ್ಲೇ ಇರಲಿ, ಬರೆದ ಗಡುವು ಆ ವಾರಕ್ಕೆ ನಿಜವಾಗಿರಬೇಕು. ದಸರೆಗೆ ಊರಿಗೆ ಹೊರಟವರು ಅಪ್‌ವರ್ಕ್‌ನಲ್ಲಿ ಲಭ್ಯತೆಯನ್ನು, ಫೈವರ್‌ನಲ್ಲಿ ರಜೆಯ ಸ್ಥಿತಿಯನ್ನು, ಪ್ರೊಝ್‌ನಲ್ಲಿ ಕ್ಯಾಲೆಂಡರನ್ನು ಬಸ್ ಹತ್ತುವ ಮೊದಲೇ ಬದಲಿಸಿಡಿ.