ಬಿಎಲ್‌ಡಿಸಿ ಫ್ಯಾನ್: ಡಬ್ಬದ ಮೇಲಿನ ವ್ಯಾಟ್ ಬೇರೆ, ಮನೆಯಲ್ಲಿ ಉಳಿಯೋ ಯೂನಿಟ್ ಬೇರೆ

ಹಾಲ್ ಮತ್ತು ಬೆಡ್‌ರೂಮಿನ ಸಾದಾ ಫ್ಯಾನ್ ಇಳಿಸಿ ಬಿಎಲ್‌ಡಿಸಿ ಹಾಕಿಸಿ ಎರಡು ವರ್ಷ ದಾಟಿದೆ. ಕರೆಂಟ್ ಉಳಿಯುತ್ತಾ ಅಂತ ಕೇಳಿದರೆ ಉಳಿಯುತ್ತದೆ, ಅದರಲ್ಲಿ ಅನುಮಾನವೇ ಬೇಡ. ಎಷ್ಟು ಉಳಿಯುತ್ತದೆ ಅನ್ನೋದು ಮಾತ್ರ ಕೋಣೆಯಿಂದ ಕೋಣೆಗೆ ತುಂಬಾ ಬದಲಾಗುತ್ತದೆ. ಫ್ಯಾನ್ ದಿನಕ್ಕೆ ಎಷ್ಟು ಗಂಟೆ ತಿರುಗುತ್ತದೆ, ಯಾವ ಸ್ಪೀಡಲ್ಲಿ ತಿರುಗುತ್ತದೆ, ಇವೆರಡೇ ಮುಖ್ಯ. ಅಂಗಡಿಯಲ್ಲಿ ಹೇಳೋ "75 ವ್ಯಾಟ್ ಬದಲು 28 ವ್ಯಾಟ್" ಅನ್ನೋ ಲೆಕ್ಕ ಫುಲ್ ಸ್ಪೀಡಿನದು. ವರ್ಷಪೂರ್ತಿ ಫುಲ್ ಸ್ಪೀಡಲ್ಲೇ ಫ್ಯಾನ್ ಹಾಕುವವರು ಎಷ್ಟು ಜನ?

ಹಾಗಾಗಿ ನಾನೇ ಅಳೆದೆ. ಇದಕ್ಕೆ ಬೇರೆ ಸಾಮಾನು ಏನೂ ಬೇಕಾಗಿಲ್ಲ, ಮನೆಯ ಡಿಜಿಟಲ್ ಮೀಟರ್ ಸಾಕು. ಅದರ ಮೇಲೆ ಒಂದು ಪುಟ್ಟ ಕೆಂಪು ಲೈಟ್ ಮಿಣುಕುತ್ತಾ ಇರುತ್ತದೆ, ಪಕ್ಕದಲ್ಲಿ imp/kWh ಅಂತ ಒಂದು ಸಂಖ್ಯೆ ಇರುತ್ತದೆ. ನಮ್ಮ ಮೀಟರಲ್ಲಿ ಅದು 3200. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್, ರೌಟರ್, ಟಿವಿ, ಚಾರ್ಜರ್ ಎಲ್ಲದರ ಪ್ಲಗ್ ಕಿತ್ತು, ಲೈಟ್‌ಗಳನ್ನೆಲ್ಲ ಆರಿಸಿ, ಒಂದೇ ಫ್ಯಾನ್ ಓಡಿಸಿ, ಒಂದು ಮಿಣುಕಿನಿಂದ ಮುಂದಿನ ಹತ್ತನೇ ಮಿಣುಕಿನವರೆಗೆ ಎಷ್ಟು ಸೆಕೆಂಡ್ ಆಯ್ತು ಅಂತ ಮೊಬೈಲಿನ ಸ್ಟಾಪ್‌ವಾಚಲ್ಲಿ ನೋಡಬೇಕು. ಆಮೇಲೆ ಲೆಕ್ಕ ಸುಲಭ:

ವ್ಯಾಟ್ = 3,60,00,000 ÷ (ಮೀಟರಿನ ಸಂಖ್ಯೆ × ಹತ್ತು ಮಿಣುಕಿಗೆ ಹಿಡಿದ ಸೆಕೆಂಡ್)

ಹಾಲಿನ ಹಳೆ ಫ್ಯಾನ್ ಫುಲ್ ಸ್ಪೀಡಲ್ಲಿ 152 ಸೆಕೆಂಡ್ ತೆಗೆದುಕೊಂಡಿತು. ಅಂದರೆ 74 ವ್ಯಾಟ್. ಅದೇ ಜಾಗದಲ್ಲಿ ಹೊಸದು ಹಾಕಿದ ಮೇಲೆ ಫುಲ್ ಸ್ಪೀಡಲ್ಲೇ 375 ಸೆಕೆಂಡ್, ಅಂದರೆ 30 ವ್ಯಾಟ್. ಡಬ್ಬದ ಮೇಲೆ 28 ಅಂತ ಇತ್ತು, ಎರಡು ವ್ಯಾಟಿಗೆ ನಾನು ಜಗಳಕ್ಕೆ ಹೋಗಲ್ಲ. ಎರಡರ ರೆಕ್ಕೆ ಸುತ್ತೋ ವೃತ್ತದ ಅಗಲವೂ ಒಂದೇ, 1200 ಮಿಲಿಮೀಟರ್.

ಬೆಡ್‌ರೂಮಿನ ಕಥೆ ಬೇರೆ. ಅಲ್ಲಿ ರಾತ್ರಿ ಫ್ಯಾನ್ ಮೂರರ ಮೇಲೆ ಇರುತ್ತಿತ್ತು. ರೆಗ್ಯುಲೇಟರ್ ಹೊಸ ತರಹದ್ದು, ಒಳಗೆ ಕೆಪಾಸಿಟರ್ ಇರೋದು, ಹಳೆ ಕಾಲದ ದಪ್ಪ ಡಬ್ಬದ ಹಾಗೆ ಬಿಸಿ ಆಗೋದಲ್ಲ. ಅಲ್ಲಿ ಹತ್ತು ಮಿಣುಕಿಗೆ 296 ಸೆಕೆಂಡ್, 38 ವ್ಯಾಟ್. ಹೊಸ ಫ್ಯಾನಲ್ಲಿ ಮಂಚದ ಮೇಲೆ ಮಲಗಿದರೆ ಅಷ್ಟೇ ಗಾಳಿ ಅನ್ನಿಸೋ ಸ್ಪೀಡ್ ಇಟ್ಟು ಮೀಟರ್ ಮುಂದೆ ನಿಂತರೆ ಹತ್ತು ಮಿಣುಕು ಮುಗಿಯೋಕೆ ಹದಿನಾಲ್ಕು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಒಂದು ಮಿಣುಕು ಆದ ಮೇಲೆ ಇನ್ನೊಂದಕ್ಕೆ ಹತ್ತಿರ ಹತ್ತಿರ ಒಂದೂವರೆ ನಿಮಿಷ ಕಾಯಬೇಕು. ಲೆಕ್ಕ ಹಾಕಿದರೆ 13 ವ್ಯಾಟ್.

ಈಗ ಈ ಎರಡು ಜೋಡಿ ಪಕ್ಕಪಕ್ಕ ಇಟ್ಟು ನೋಡಿ. ಫುಲ್ ಸ್ಪೀಡಲ್ಲಿ 74 ಇದ್ದದ್ದು 30 ಆಯಿತು, 44 ವ್ಯಾಟ್ ಉಳಿತಾಯ. ಕಡಿಮೆ ಸ್ಪೀಡಲ್ಲಿ 38 ಇದ್ದದ್ದು 13 ಆಯಿತು, 25 ವ್ಯಾಟ್ ಉಳಿತಾಯ. ಸ್ಪೀಡ್ ಇಳಿದಾಗ ಉಳಿಯೋ ವ್ಯಾಟ್ ಕಡಿಮೆ, ಆದರೆ ಹಳೆಯದಕ್ಕೆ ಹೋಲಿಸಿದರೆ ಹೊಸದು ತಿನ್ನೋ ಪಾಲು ಇನ್ನೂ ಚಿಕ್ಕದು. ಅಲ್ಲಿ ಐದರಲ್ಲಿ ಎರಡು ಪಾಲು, ಇಲ್ಲಿ ಮೂರರಲ್ಲಿ ಒಂದು.

ಇದು ಯಾಕೆ ಹೀಗೆ ಅನ್ನೋದು ನನಗೆ ಇಡೀ ವಿಷಯದಲ್ಲೇ ತುಂಬಾ ಹಿಡಿಸಿದ ಭಾಗ. ಸಾದಾ ಫ್ಯಾನಿನ ಇಂಡಕ್ಷನ್ ಮೋಟರಲ್ಲಿ ತಿರುಗೋ ಭಾಗಕ್ಕೆ ಅಂದರೆ ರೋಟರಿಗೆ ಸ್ವಂತ ಅಯಸ್ಕಾಂತ ಇಲ್ಲ. ವೈಂಡಿಂಗ್‌ಗೆ ಕರೆಂಟ್ ಕೊಟ್ಟಾಗ ಒಳಗೆ ಒಂದು ಕಾಂತಕ್ಷೇತ್ರ ಸುತ್ತುತ್ತದೆ, ಅದು ರೋಟರಿನ ಅಲ್ಯೂಮಿನಿಯಂ ಸರಳುಗಳಲ್ಲಿ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದಲೇ ರೋಟರ್ ತಿರುಗೋದು. ಕರೆಂಟ್ ಹುಟ್ಟಬೇಕಾದರೆ ರೋಟರ್ ಯಾವಾಗಲೂ ಆ ಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬೀಳಲೇಬೇಕು. ಹಿಂದೆ ಬಿದ್ದಷ್ಟು ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಉದಾಹರಣೆಗೆ 50 ಹರ್ಟ್ಸ್ ಕರೆಂಟಲ್ಲಿ 14 ಧ್ರುವದ ಮೋಟರಿನ ಕ್ಷೇತ್ರ ನಿಮಿಷಕ್ಕೆ ಸುಮಾರು 428 ಸುತ್ತು ಸುತ್ತುತ್ತದೆ. ರೆಗ್ಯುಲೇಟರ್ ತಿರುಗಿಸಿದಾಗ ಇಳಿಯೋದು ಮೋಟರಿಗೆ ಸಿಗೋ ವೋಲ್ಟೇಜ್ ಮಾತ್ರ, ಆ 428 ಹಾಗೇ ಇರುತ್ತದೆ. ಫ್ಯಾನ್ 214 ಸುತ್ತಿಗೆ ಇಳಿದರೆ ರೋಟರಿಗೆ ಬಂದ ಶಕ್ತಿಯಲ್ಲಿ ಅರ್ಧಕ್ಕರ್ಧ ಬಿಸಿ. ವೈಂಡಿಂಗ್ ಬಿಸಿಯಾಗೋದು ಇದರ ಮೇಲೆ ಬೇರೆ.

ಬಿಎಲ್‌ಡಿಸಿ ರೋಟರಲ್ಲಿ ಕಾಯಂ ಅಯಸ್ಕಾಂತ ಕೂತಿದೆ, ಅಲ್ಲಿ ಕರೆಂಟ್ ಹುಟ್ಟಿಸೋ ಖರ್ಚೇ ಇಲ್ಲ. ಒಳಗಿನ ಬೋರ್ಡ್ ಎಸಿಯನ್ನು ಡಿಸಿ ಮಾಡಿ, ಕ್ಷೇತ್ರವನ್ನು ಬೇಕಾದ ವೇಗದಲ್ಲೇ ಸುತ್ತಿಸುತ್ತದೆ. ಸ್ಪೀಡ್ ಇಳಿಸಿದರೆ ಕ್ಷೇತ್ರವೂ ಜೊತೆಗೇ ನಿಧಾನ ಆಗುತ್ತದೆ, ರೋಟರ್ ಹಿಂದೆ ಬೀಳೋದಿಲ್ಲ. ಗಾಳಿ ತಳ್ಳೋಕೆ ಬೇಕಾದ ಶಕ್ತಿ ವೇಗದ ಘನದಂತೆ ಇಳಿಯುತ್ತದೆ, ಅಂದರೆ ವೇಗ ಅರ್ಧವಾದರೆ ಎಂಟನೇ ಒಂದು ಪಾಲು ಸಾಕು. ಬಿಎಲ್‌ಡಿಸಿ ಆ ಲಾಭದ ಬಹುಪಾಲನ್ನು ನಿಮಗೆ ಕೊಡುತ್ತದೆ, ಸಾದಾ ಮೋಟರ್ ಅದರಲ್ಲಿ ಸುಮಾರು ಭಾಗವನ್ನು ಬಿಸಿ ಮಾಡಿ ಕಳೆಯುತ್ತದೆ. ನಂಬಿಕೆ ಬರದಿದ್ದರೆ ನಾಲ್ಕೈದು ಗಂಟೆ ಓಡಿದ ಸಾದಾ ಫ್ಯಾನ್ ಆರಿಸಿ, ರೆಕ್ಕೆ ಪೂರ್ತಿ ನಿಂತ ಮೇಲೆ ನಡುವಿನ ಗುಂಡು ಭಾಗವನ್ನು ಮುಟ್ಟಿ ನೋಡಿ. ಚೆನ್ನಾಗಿ ಬಿಸಿ ಇರುತ್ತದೆ. ನಮ್ಮ ಹೊಸದು ಬರೀ ಬೆಚ್ಚಗಿರುತ್ತದೆ.

ಇನ್ನು ಯೂನಿಟ್ ಲೆಕ್ಕ. ಹಾಲಲ್ಲಿ ಸೆಕೆಗಾಲದಲ್ಲಿ ದಿನಕ್ಕೆ 14 ಗಂಟೆ ಫುಲ್ ಸ್ಪೀಡ್. 44 ವ್ಯಾಟ್ × 14 ಗಂಟೆ ಅಂದರೆ 616 ವ್ಯಾಟ್ ಅವರ್, ತಿಂಗಳಿಗೆ ಸುಮಾರು 18.5 ಯೂನಿಟ್. ಬೆಡ್‌ರೂಮಲ್ಲಿ 25 ವ್ಯಾಟ್ × 8 ಗಂಟೆ, ತಿಂಗಳಿಗೆ 6 ಯೂನಿಟ್. ಅತಿಥಿ ಬಂದಾಗ ಮಾತ್ರ ಬಳಸೋ ಕೋಣೆಗೂ ಹಾಕಿಸೋಣ ಅಂತ ಮನೆಯಲ್ಲಿ ಮಾತು ಬಂತು. ಅಲ್ಲಿ ಸರಾಸರಿ ದಿನಕ್ಕೆ ಒಂದು ಗಂಟೆ ಅಂತ ಹಿಡಿದರೂ ತಿಂಗಳಿಗೆ 1.3 ಯೂನಿಟ್ ಉಳಿಯುತ್ತದೆ. ಅದರಲ್ಲೂ ರಿಮೋಟಿಂದ ಆಫ್ ಮಾಡಿ ಗೋಡೆಯ ಸ್ವಿಚ್ ಹಾಕಿಯೇ ಬಿಟ್ಟರೆ ಬೋರ್ಡ್ ರಿಮೋಟಿಗೆ ಕಾಯುತ್ತಾ ಸ್ವಲ್ಪ ಕರೆಂಟ್ ತಿನ್ನುತ್ತದೆ. ಅದು 0.8 ವ್ಯಾಟ್ ಅಂತ ಇಟ್ಟುಕೊಂಡರೂ 23 ಗಂಟೆಗೆ 18 ವ್ಯಾಟ್ ಅವರ್, ತಿಂಗಳಿಗೆ ಅರ್ಧ ಯೂನಿಟಿಗಿಂತ ಜಾಸ್ತಿ. ಉಳಿತಾಯದ ನಲವತ್ತು ಪರ್ಸೆಂಟ್ ಅಲ್ಲೇ ಹೋಯಿತು. ಹೆಚ್ಚಿಗೆ ಕೊಟ್ಟ ದುಡ್ಡು ಯಾವಾಗ ವಾಪಸ್ ಬರುತ್ತದೆ ಅಂತ ನೋಡೋಕೆ, ಆ ಹೆಚ್ಚಿನ ದುಡ್ಡನ್ನು ತಿಂಗಳಿಗೆ ಉಳಿಯೋ ಯೂನಿಟ್ × ನಿಮ್ಮ ಯೂನಿಟ್ ದರದಿಂದ ಭಾಗಿಸಿ. ಬಳಕೆ ಜಾಸ್ತಿ ಆದಷ್ಟೂ ದರ ಏರೋ ಕಡೆ ನಿಮ್ಮ ಬಿಲ್ಲಿನ ಕೊನೆಯ ಹಂತದ ದರ ಹಾಕಿ, ಉಳಿಯೋದು ಆ ಯೂನಿಟ್‌ಗಳೇ. ಫ್ಯಾನ್ ಬೇಡದ ಚಳಿ ತಿಂಗಳುಗಳನ್ನು ಬಿಟ್ಟು ಲೆಕ್ಕ ಹಾಕಿ, ಸುಮ್ನೆ ಹನ್ನೆರಡರಿಂದ ಗುಣಿಸಬೇಡಿ.

ಒಂದು ವಿಷಯ ಜನರನ್ನು ತುಂಬಾ ಗೊಂದಲಕ್ಕೆ ತಳ್ಳುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಾಕಿ, "ಸರ್, 0.24 ಆಂಪ್ಸ್ ಎಳೀತಿದೆ, 230 ವೋಲ್ಟಿಗೆ 55 ವ್ಯಾಟ್ ಆಯ್ತಲ್ಲ, ಎಲ್ಲಿ ಉಳೀತು?" ಅಂತ ಕೇಳಿದರು. ಅವರ ಗುಣಾಕಾರ ಸರಿ, ಆದರೆ ಬಂದ ಉತ್ತರ ವೋಲ್ಟ್ ಆಂಪ್ಸ್. ಬಿಎಲ್‌ಡಿಸಿ ಬೋರ್ಡ್ ಕರೆಂಟನ್ನು ಒಂದೇ ಸಮ ಎಳೆಯೋದಿಲ್ಲ, ವೋಲ್ಟೇಜ್ ತುದಿಗೆ ಹೋದಾಗ ಚೂರು ಚೂರಾಗಿ ಎಳೆಯುತ್ತದೆ. ಅದಕ್ಕೆ ಪವರ್ ಫ್ಯಾಕ್ಟರ್ ಕಡಿಮೆ, ಅಂದರೆ ವೋಲ್ಟ್ ಆಂಪ್ಸಲ್ಲಿ ನಿಜವಾದ ವ್ಯಾಟ್ ಆಗೋ ಪಾಲು ಕಡಿಮೆ, ನಮ್ಮದರಲ್ಲಿ ಸುಮಾರು 0.55. ಇದನ್ನು ಸರಿಪಡಿಸೋ ಸರ್ಕ್ಯೂಟ್ ಇರೋ ಫ್ಯಾನ್‌ಗಳೂ ಇವೆ, ಅವುಗಳಲ್ಲಿ 0.9 ದಾಟುತ್ತದೆ. ಯೂನಿಟ್ ಲೆಕ್ಕದಲ್ಲಿ ಬಿಲ್ ಬರೋ ಮನೆಗಳಲ್ಲಿ ಮೀಟರ್ ಎಣಿಸೋದು ನಿಜವಾದ ವ್ಯಾಟ್ ಮಾತ್ರ. ಕೆಂಪು ಲೈಟಿನ ಲೆಕ್ಕವನ್ನೇ ನಂಬಿ ಅಂತ ಹೇಳೋದು ಇದಕ್ಕೇ.

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ, ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಅಂತಲೂ ಇರುತ್ತದೆ, ಸಿಎಂಎಂ ಅನ್ನೋ ಲೆಕ್ಕ. 28 ವ್ಯಾಟಿಗೆ 200 ಕೊಡೋದು, 32 ವ್ಯಾಟಿಗೆ 230 ಕೊಡೋದು ಎರಡೂ ಹತ್ತಿರ ಹತ್ತಿರ ಒಂದೇ. ಗಾಳಿ ಕಡಿಮೆ ಮಾಡಿ ವ್ಯಾಟ್ ಇಳಿಸಿದರೆ ಅದು ಉಳಿತಾಯ ಅಂತ ನಾನು ಒಪ್ಪಲ್ಲ.

ವೋಲ್ಟೇಜ್ ಬಿದ್ದಾಗ ಸಾದಾ ಫ್ಯಾನ್ ಸೊರಗುತ್ತಿತ್ತು, ಇದು ಅದೇ ಸ್ಪೀಡಲ್ಲಿ ತಿರುಗುತ್ತದೆ. ಇನ್ವರ್ಟರ್ ಮೇಲೆ ಗುಂಯ್ ಅನ್ನೋ ಸದ್ದೂ ಹೋಯಿತು. ರಿಮೋಟ್ ಮಾತ್ರ ಅಮ್ಮನಿಗೆ ಈಗಲೂ ಕಿರಿಕಿರಿ.

ಕೈಕೊಟ್ಟದ್ದೂ ಇದೆ, ಅದನ್ನೂ ಹೇಳಲೇಬೇಕು. ಒಂದು ಗುಡುಗು ಮಳೆ ಆದ ಮೇಲೆ ಹಾಲಿನ ಫ್ಯಾನ್ ನಿಂತಿತು. ಸ್ವಿಚ್ ಹಾಕಿದರೆ ಬೀಪ್ ಬರುತ್ತಿತ್ತು, ರೆಕ್ಕೆ ಒಂದು ಸಲ ನಡುಗಿ ಅಲ್ಲೇ ನಿಲ್ಲುತ್ತಿತ್ತು. ಬೀಪ್ ಬಂದು ನಡುಗಿ ನಿಂತರೆ ಹೆಚ್ಚಾಗಿ ಮೋಟರನ್ನು ಓಡಿಸೋ ಭಾಗ ಕೆಟ್ಟಿರುತ್ತದೆ, ಬೀಪೇ ಬರದಿದ್ದರೆ ಸಪ್ಲೈ ಭಾಗ. ವಾರಂಟಿಯಲ್ಲಿ ಬೋರ್ಡ್ ಬದಲಾಯಿಸಿಕೊಟ್ಟರು, ಆದರೆ ಬೋರ್ಡ್ ಬರೋವರೆಗೆ ಸೆಕೆಯಲ್ಲಿ ಕೂತಿದ್ದೆವು. ಸಾದಾ ಫ್ಯಾನ್ ಆಗಿದ್ದರೆ ಕೆಪಾಸಿಟರ್ ಬದಲಾಯಿಸಿ ಅಥವಾ ವೈಂಡಿಂಗ್ ಕಟ್ಟಿಸಿ ಅಲ್ಲೇ ಹತ್ತಿರದಲ್ಲಿ ಸರಿ ಮಾಡಿಸಬಹುದಿತ್ತು. ಹಾಗಾಗಿ ವಾರಂಟಿ ಎಷ್ಟು ವರ್ಷ ಅನ್ನೋದರ ಜೊತೆಗೆ, ವಾರಂಟಿ ಮುಗಿದ ಮೇಲೆ ಬೋರ್ಡ್ ಬಿಡಿಯಾಗಿ ಸಿಗುತ್ತಾ ಅಂತ ಮೊದಲೇ ಕೇಳಿ. ಒಂದು ಬೋರ್ಡಿನ ಖರ್ಚು ತಿಂಗಳುಗಟ್ಟಲೆ ಉಳಿಸಿದ್ದನ್ನು ನುಂಗಬಲ್ಲದು.

ಹಳೆ ರೆಗ್ಯುಲೇಟರ್ ಮೂಲಕ ಇದಕ್ಕೆ ಲೈನ್ ಕೊಡಬಾರದು, ತಂತಿ ನೇರ ಮಾಡಿಸಿ. ನಡುವೆ ರೆಗ್ಯುಲೇಟರ್ ಉಳಿದರೆ ಕಡಿಮೆ ನಂಬರಲ್ಲಿ ಬೋರ್ಡಿಗೆ ವೋಲ್ಟೇಜ್ ಸಾಲದೆ ಫ್ಯಾನ್ ಮತ್ತೆ ಮತ್ತೆ ಬೀಪ್ ಹೊಡೆದು ಶುರು ಆಗುತ್ತಾ ನಿಲ್ಲುತ್ತಾ ಇರುತ್ತದೆ, ಬೋರ್ಡಿಗೂ ಒಳ್ಳೆಯದಲ್ಲ.

ಅತಿಥಿ ಕೋಣೆಯಲ್ಲಿ ಹಳೆ ಫ್ಯಾನೇ ಇದೆ. ಅದು ಸುಟ್ಟುಹೋದ ದಿನ ಬಿಎಲ್‌ಡಿಸಿ ಹಾಕಿಸುತ್ತೇನೆ, ಅಲ್ಲಿಯವರೆಗೆ ಬದಲಾಯಿಸಲ್ಲ. ಮುಂದಿನದು ಮಕ್ಕಳು ಓದೋ ಕೋಣೆ, ಅಲ್ಲಿ ಫ್ಯಾನ್ ದಿನಕ್ಕೆ ಹತ್ತು ಗಂಟೆಗೆ ಕಡಿಮೆ ಇಲ್ಲದಂತೆ ತಿರುಗುತ್ತದೆ.