ಒಡವೆ ಬಿಡಿಸಲು ಹೋಗಿ ಬರಿಗೈಯಲ್ಲಿ ಬಂದೆ: ಸ್ಟೇಟ್‌ಮೆಂಟ್ ಫೋಟೋ ನಂಬಬೇಡಿ

ಅಮ್ಮನ ಬಳೆ ಅಡ ಇಟ್ಟು ಜನವರಿ 10ಕ್ಕೆ ಒಂದು ಲಕ್ಷ ತೆಗೆದಿದ್ದೆವು. ಬಡ್ಡಿ ವರ್ಷಕ್ಕೆ 12%. ಏಪ್ರಿಲ್ 10ಕ್ಕೆ ಹತ್ತು ಸಾವಿರ ಕಟ್ಟಿದ್ದೆವು. ಜುಲೈನಲ್ಲಿ ಮದುವೆಗೆ ಬಳೆ ಬೇಕಾಯಿತು. ನನ್ನ ತಮ್ಮ ವಾಟ್ಸಾಪ್‌ನಲ್ಲಿ ಸಾಲದ ಸ್ಟೇಟ್‌ಮೆಂಟ್ ಫೋಟೋ ಕಳಿಸಿದ. ಕೊನೆಯ ಸಾಲಿನಲ್ಲಿ ಬ್ಯಾಲೆನ್ಸ್ 92,959 ಅಂತಿತ್ತು. ನಾನು 93,000 ಹಿಡಿದು ಜುಲೈ 9ಕ್ಕೆ ಹೋದೆ.

ಕೌಂಟರ್‌ನಲ್ಲಿ ಕೇಳಿದ್ದು 95,710.

ಮೊದಲು ಜಗಳವಾಡಿದೆ. ಆಮೇಲೆ ತಪ್ಪು ನನ್ನದೇ ಅಂತ ಗೊತ್ತಾಯಿತು. ಹತ್ತು ಸಾವಿರ ಕಟ್ಟಿದರೆ ಅಸಲು 90,000ಕ್ಕೆ ಇಳಿಯಬೇಕಿತ್ತಲ್ವಾ? ಇಳಿಯುವುದಿಲ್ಲ. ಕಟ್ಟಿದ ದುಡ್ಡು ಮೊದಲು ಬಡ್ಡಿಗೆ ಹೋಗುತ್ತದೆ. ಆ 90 ದಿನಕ್ಕೆ ಬಡ್ಡಿ 2,959. ಉಳಿದ 7,041 ಮಾತ್ರ ಅಸಲಿಗೆ ಬಂತು. ಹಾಗಾಗಿ 92,959 ಅನ್ನುವುದು ಬರೀ ಅಸಲು, ಸಾಲ ತೀರಿಸುವ ಮೊತ್ತ ಅಲ್ಲ.

ಏಪ್ರಿಲ್ 10ರಿಂದ ಮುಂದಿನ ಬಡ್ಡಿ ಎಲ್ಲಿತ್ತು? ಅದೇ ಸ್ಟೇಟ್‌ಮೆಂಟ್‌ನ ಕೆಳಗೆ, ಬೇರೆ ಸಾಲಿನಲ್ಲಿ ಇತ್ತು. ತಮ್ಮ ಚಂದ ಕಾಣಲಿ ಅಂತ ಫೋಟೋ ಕತ್ತರಿಸುವಾಗ ಅದೂ ಹೋಗಿತ್ತು. ಅಲ್ಲಿ ಮೇ 31ರವರೆಗಿನ ಬಡ್ಡಿ 1,559 ಅಂತಿತ್ತು. ಅದನ್ನು ಕೂಡಿಸಿದ್ದರೂ ಸಾಲುತ್ತಿರಲಿಲ್ಲ. ಮೇಲ್ಗಡೆ ಇದ್ದ ಸ್ಟೇಟ್‌ಮೆಂಟ್ ತಾರೀಖಿನ ಸಾಲೂ ಫೋಟೋದಲ್ಲಿ ಇರಲಿಲ್ಲ. ನಾನು ಹೋದ ದಿನಕ್ಕೆ ಇನ್ನೂ 39 ದಿನ ಕಳೆದಿತ್ತು.

ಲೆಕ್ಕ ಸುಲಭ:

```
ಅಸಲು × ದರ × ದಿನ ÷ 36500
92959 × 12 × 39 ÷ 36500 = 1192
```

92,959, 1,559, 1,192 ಕೂಡಿಸಿದರೆ 95,710. ಮನೆಯಲ್ಲೇ ಮಾಡಬಹುದಿತ್ತು. ಒಂದು ದಿನಕ್ಕೆ ಸುಮಾರು 31 ರೂಪಾಯಿ. ಕೆಲವರು ಕಟ್ಟುವ ದಿನವನ್ನೂ ಎಣಿಸುತ್ತಾರೆ, ಅದರಿಂದ ಒಂದು ದಿನದ ವ್ಯತ್ಯಾಸ ಬಂದರೆ ಗಾಬರಿ ಬೇಡ.

ಆದರೆ ಈ ಲೆಕ್ಕ ಎಲ್ಲ ಸಾಲಕ್ಕೂ ಹೊಂದುವುದಿಲ್ಲ. ನಡುವೆ ಹೊಸದಾಗಿ ದುಡ್ಡು ತೆಗೆಯದಿದ್ದರೂ ಬ್ಯಾಲೆನ್ಸ್ ಹೆಚ್ಚಿದೆಯಾ, ಖರ್ಚಿನ ಕಾಲಂನಲ್ಲಿ ಬಡ್ಡಿ ಅಂತ ನಮೂದು ಇದೆಯಾ ನೋಡಿ. ಇದ್ದರೆ ಬಡ್ಡಿ ಬ್ಯಾಲೆನ್ಸ್‌ಗೆ ಸೇರಿಬಿಟ್ಟಿದೆ. ಆಗ ಕೊನೆಯ ಬಡ್ಡಿ ನಮೂದಿನ ತಾರೀಖಿನಿಂದ ಮಾತ್ರ ಎಣಿಸಬೇಕು, ಇಲ್ಲದಿದ್ದರೆ ಅದೇ ಬಡ್ಡಿ ಎರಡು ಸಲ ಬರುತ್ತದೆ. ಸಮಯಕ್ಕೆ ಬಡ್ಡಿ ಕಟ್ಟಿದರೆ ಮಾತ್ರ ಕಡಿಮೆ ದರ ಅನ್ನುವ ಸ್ಕೀಮ್‌ಗಳೂ ಇವೆ. ತಡವಾದರೆ ದರ ಏರುತ್ತದೆ, ಆಗ ನಿಮ್ಮ ಲೆಕ್ಕ ಕಡಿಮೆ ಬರುತ್ತದೆ. ಯಾವ ದರ ಅಂತ ಅಡವಿನ ಚೀಟಿಯಲ್ಲಿ ನೋಡಿ. ನೋಟಿಸ್ ಚಾರ್ಜ್ ಗಿರ್ಜ್ ಇದ್ದರೆ ಅದೂ ಬೇರೆ.

ಈಗ ನಾನು ಇಡೀ ಪುಟದ ಫೋಟೋ ಕೇಳುತ್ತೇನೆ, ತಾರೀಖು ಕಾಣಲೇಬೇಕು. ಹೋಗುವ ಮೊದಲು ಫೋನ್ ಮಾಡಿ "ಇಂಥ ದಿನ ಕ್ಲೋಸ್ ಮಾಡಲು ಎಷ್ಟು?" ಅಂತ ಕೇಳಿ, ನನ್ನ ಲೆಕ್ಕದ ಜೊತೆ ಹೋಲಿಸುತ್ತೇನೆ. ಅವತ್ತು 2,710 ಕಡಿಮೆ ಬಿದ್ದು, ಮರುದಿನ ಮತ್ತೆ ಹೋಗಿ 31 ರೂಪಾಯಿ ಜಾಸ್ತಿ ಕೊಟ್ಟು ಬಳೆ ತಂದೆ. ಅಷ್ಟರಲ್ಲಿ ಅಮ್ಮ ಚಿಕ್ಕಮ್ಮನ ಬಳೆ ತೊಟ್ಟು ಚಪ್ಪರದ ಶಾಸ್ತ್ರ ಮುಗಿಸಿದ್ದರು.